ಒಂದು ನಕ್ಷತ್ರಕ್ಕೆ ಬರೆದ ಉತ್ತರ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಘಾಟ್ಕೋಪರದ ಹೋಟೆಲು ಮಾಲಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಗಲ್ಲೆಯ ಮೇಲೆ ಕುಳಿತು ಚಿಲ್ಲರೆ ಕೊಡುವವನು ನಾನು. ಆದರೆ ಕಳೆದ ತಿಂಗಳು ಇಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದಾಗ ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ತರುಣ ಮಿತ್ರರೊಬ್ಬರು ಒಂದು ಪ್ರಶ್ನೆ ಕೇಳಿದರು. "ಹೋಟೆಲಿನ ಮೇಲೆ ಯಾರಾದರೂ ದೂರು ಬರೆದರೆ ಅದರ ಕೆಳಗೆ ಮಾಲಕರು ಉತ್ತರ ಬರೆಯುತ್ತಾರಲ್ಲ, ಅದನ್ನು ನಿಜವಾಗಿ ಅವರೇ ಬರೆಯುತ್ತಾರೆಯೇ, ಅದರಲ್ಲಿ ಏನಾದರೂ ಹುರುಳಿದೆಯೇ?" ನಾನು ಒಮ್ಮೆ ಹಾಗೆ ಬರೆದವನೆಂದು ತಿಳಿದ ಅಧ್ಯಕ್ಷರು ನನ್ನನ್ನು ಬಿಡಲಿಲ್ಲ. ಆ ಒಂದು ಉತ್ತರದ ಕಥೆಯನ್ನಷ್ಟೇ ಹೇಳುತ್ತೇನೆ.

ಹಿಂದೆ ಗಿರಾಕಿಗೆ ಸಿಟ್ಟು ಬಂದರೆ ಗಲ್ಲೆಯ ಮುಂದೆ ನಿಂತು ನಾಲ್ಕು ಮಾತು ಬೈದು ಹೋಗುತ್ತಿದ್ದ. ಮಾತು ಅಲ್ಲಿಯೇ ಉಳಿಯುತ್ತಿತ್ತು. ಮರುದಿನ ಅವನೇ ಬಂದು ಚಹಾ ಕುಡಿಯುತ್ತಿದ್ದ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರು ಊರೆಲ್ಲ ಹಬ್ಬಿದುದು ಉಂಡವರ ಬಾಯಿಂದ. ಕೆಟ್ಟ ಹೆಸರಾದರೂ ಹಬ್ಬುತ್ತಿದ್ದುದು ಅದೇ ದಾರಿಯಲ್ಲಿ, ಅಷ್ಟೇ ನಿಧಾನವಾಗಿ. ಈಗ ಗಿರಾಕಿ ಬಾಯಿ ಬಿಡದೆ ಬಿಲ್ಲು ಕೊಟ್ಟು ಹೋಗುತ್ತಾನೆ, ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಐದರಲ್ಲಿ ಒಂದು ನಕ್ಷತ್ರ ಒತ್ತಿ ಎರಡು ಸಾಲು ಬರೆಯುತ್ತಾನೆ. ಕುರ್ಲಾ ಬರುವ ಮೊದಲೇ ಅದು ಜಗತ್ತಿಗೆಲ್ಲ ಕಾಣುತ್ತದೆ. ಹತ್ತು ವರ್ಷ ಕಳೆದರೂ ಕಾಣುತ್ತದೆ.

ನನ್ನದು ಒಂಬತ್ತು ಮೇಜಿನ ಹೋಟೆಲು. ಎರಡು ವರ್ಷದ ಹಿಂದೆ ಜುಲೈ ತಿಂಗಳ ಒಂದು ಸೋಮವಾರ, ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ನನ್ನ ಸೋದರಳಿಯ ಮೊಬೈಲು ಹಿಡಿದು ಓಡಿ ಬಂದ. "ಮಾವ, ನೋಡಿ ಇಲ್ಲಿ" ಎಂದ. ಗೂಗಲ್ ನಕಾಶೆಯಲ್ಲಿ ನಮ್ಮ ಹೋಟೆಲಿನ ಹೆಸರಿನ ಕೆಳಗೆ ಮರಾಠಿಯಲ್ಲಿ ಬರೆದಿತ್ತು. ಅದರ ತಾತ್ಪರ್ಯ ಇಷ್ಟು: "ಇಡ್ಲಿ ಕಲ್ಲಿನ ಹಾಗಿದೆ. ಗೋಡೆಯ ಮೇಲೆ 45 ರೂಪಾಯಿ, ಬಿಲ್ಲಿನಲ್ಲಿ 50. ಕೇಳಿದರೆ ಕನ್ನಡಕದ ಹುಡುಗ 'ಬೇಕಾದರೆ ತಿನ್ನಿ' ಎನ್ನುತ್ತಾನೆ. ಅಡುಗೆಮನೆ ಎಷ್ಟು ಕೊಳಕಿರಬೇಡ. ಯಾರೂ ಹೋಗಬೇಡಿ." ಮೇಲೆ ಒಂದೇ ನಕ್ಷತ್ರ.

ಒಂದು ನಕ್ಷತ್ರ ನಮ್ಮಂಥವರಿಗೆ ಎಷ್ಟು ತಟ್ಟುತ್ತದೆಂಬುದಕ್ಕೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಆ ದಿನದವರೆಗೆ ನಮ್ಮ ಬಗ್ಗೆ 40 ಮಂದಿ ಬರೆದಿದ್ದರು, ಸರಾಸರಿ 4.3. ಅಂದರೆ ಒಟ್ಟು 172 ನಕ್ಷತ್ರ. ಇವರದೊಂದು ಸೇರಿ 41 ಮಂದಿಗೆ 173 ಆಯಿತು, ಸರಾಸರಿ 4.2ಕ್ಕೆ ಇಳಿಯಿತು. ಮತ್ತೆ ನಿಜವಾಗಿ 4.3 ಮುಟ್ಟಬೇಕಾದರೆ ಐದು ಮಂದಿ ಪೂರ್ತಿ ಐದು ನಕ್ಷತ್ರ ಕೊಡಬೇಕು. ನಾಲ್ಕು ಸಾವಿರ ಮಂದಿ ಬರೆದ ದೊಡ್ಡ ಹೋಟೆಲಿಗೆ ಇಂಥ ಒಬ್ಬ ಗಿರಾಕಿ ಸೊಳ್ಳೆ ಕಡಿದಂತೆ, ನಮಗೆ ಮಾತ್ರ ಚೇಳು.

ಅಳಿಯನೂ ಇದೇ ಲೆಕ್ಕ ಹಾಕಿದ್ದ. "ಐದೇ ತಾನೆ ಬೇಕಾದದ್ದು? ನಮ್ಮಲ್ಲಿ ಏಳು ಹುಡುಗರಿದ್ದಾರೆ, ಏಳು ಮೊಬೈಲಿದೆ. ಇವತ್ತೇ ಬರೆಸುತ್ತೇನೆ" ಎಂದ. ನಾನು ಬೇಡವೆಂದೆ. ಕೆಲಸಗಾರರು ತಮ್ಮ ಅಂಗಡಿಗೆ ತಾವೇ ಹೊಗಳಿಕೆ ಬರೆಯುವುದು ಗೂಗಲ್‌ನವರ ನಿಯಮಕ್ಕೆ ವಿರೋಧ, ಸಿಕ್ಕಿದರೆ ಅಳಿಸಿಹಾಕುತ್ತಾರೆ ಎಂಬುದೊಂದು. ಅದಕ್ಕಿಂತ ಹೆಚ್ಚಾಗಿ, ಒಂದು ನಕ್ಷತ್ರದ ಮರುದಿನವೇ "ಫಸ್ಟ್ ಕ್ಲಾಸ್ ಹೋಟೆಲು" ಎಂದು ಏಳು ಬರಹ ಸಾಲಾಗಿ ಬಂದುದನ್ನು ಕಂಡರೆ ಓದುವವನು ದಡ್ಡನೇ? ದೂರು ನಿಜವೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆಗ ಅವನು ಇನ್ನೊಂದು ಉಪಾಯ ಹೇಳಿದ: ಆ ಗಿರಾಕಿಗೆ ಒಂದು ವಾರ ಪುಕ್ಕಟೆ ತಿಂಡಿ ಕೊಟ್ಟು ಬರೆದುದನ್ನು ತೆಗೆಸುವುದು. ಅದಕ್ಕೂ ನಿಯಮದಲ್ಲಿ ಎಡೆಯಿಲ್ಲ. ಕನ್ನಡದಲ್ಲಿ ಅದಕ್ಕೆ ಲಂಚವೆಂದು ಹೆಸರು.

ಅಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನೇ ಒಂದು ಉತ್ತರ ಬರೆದೆ. ಬಿಲ್ ಪುಸ್ತಕದ ಹಿಂಭಾಗದಲ್ಲಿ ಪೆನ್ಸಿಲಿನಿಂದ ಬರೆದುದು, ಇನ್ನೂ ನನ್ನ ಬಳಿ ಇದೆ. ನಾಚಿಕೆ ಬಿಟ್ಟು ಓದುತ್ತೇನೆ: "ಹದಿನೆಂಟು ವರ್ಷದಿಂದ ಹೋಟೆಲು ನಡೆಸುತ್ತಿದ್ದೇವೆ, ಇದುವರೆಗೆ ಯಾರೂ ಹೀಗೆ ಹೇಳಿಲ್ಲ. ನಮ್ಮ ಇಡ್ಲಿ ತಿನ್ನಲು ಠಾಣೆಯಿಂದ ಜನ ಬರುತ್ತಾರೆ. ಐದು ರೂಪಾಯಿಗಾಗಿ ಇಷ್ಟು ದೊಡ್ಡ ಮಾತು ಆಡುವವರು ಮನೆಯಲ್ಲೇ ತಿನ್ನಬಹುದು. ಅಡುಗೆಮನೆ ನೋಡದೆ ಕೊಳಕು ಎನ್ನುವುದು ಮಾನಹಾನಿ."

ಬರೆದು ಮುಗಿಸಿದಾಗ ಬಹಳ ಸಮಾಧಾನವಾಯಿತು. ಬೆಳಿಗ್ಗೆ ಓದಿದಾಗ ಅಷ್ಟೇ ಹೇಸಿಗೆಯಾಯಿತು. ಅದರಲ್ಲಿ ನನ್ನ ಹದಿನೆಂಟು ವರ್ಷವಿದೆ, ಠಾಣೆಯ ಜನರಿದ್ದಾರೆ. ಆ ಮನುಷ್ಯ ಕೇಳಿದ ನಾಲ್ಕು ಮಾತಿನಲ್ಲಿ ಒಂದಕ್ಕೂ ಉತ್ತರವಿಲ್ಲ. ಉತ್ತರ ಹೇಗಿರುತ್ತದೆ? ನನಗೇ ಇನ್ನೂ ಗೊತ್ತಿರಲಿಲ್ಲ! ನಾನು ವಿಚಾರಿಸಿಯೇ ಇರಲಿಲ್ಲ.

ಆದುದರಿಂದ ಮೊದಲು ವಿಚಾರಿಸಲು ಹೊರಟೆ. ಬಿಲ್ಲಿನ ಯಂತ್ರದಲ್ಲಿ ಹೊತ್ತು ದಾಖಲಾಗಿರುತ್ತದೆ. ಸೋಮವಾರ ಬೆಳಿಗ್ಗೆ ಒಂದೇ ಪ್ಲೇಟು ಇಡ್ಲಿ, ಒಂದು ಚಹಾ ಎಂಬ ಬಿಲ್ಲುಗಳನ್ನು ತೆಗೆದು, ಕನ್ನಡಕದ ಹುಡುಗ ನೋಡಿಕೊಳ್ಳುವ ಮೇಜುಗಳನ್ನು ಹುಡುಕಿದರೆ 8 ಗಂಟೆ 40 ನಿಮಿಷದ ಒಂದು ಬಿಲ್ಲು ಸಿಕ್ಕಿತು. ಇಡ್ಲಿ 50. ಎದ್ದು ಗೋಡೆಯ ಹಲಗೆ ನೋಡಿದೆ. 45!

ಆದುದಿಷ್ಟು. ಜುಲೈ ಒಂದನೆಯ ತಾರೀಕಿನಿಂದ ನಾನು ದರ ಏರಿಸಿದ್ದೆ. ಯಂತ್ರದಲ್ಲಿ ಅಳಿಯ ಅಂದೇ ಬದಲಿಸಿದ. ಹಲಗೆ ಬರೆಯುವ ಪೇಂಟರನಿಗೆ ಹೇಳಿದ್ದೆ. ಮಳೆಯೆಂದು ಅವನು ಬರಲಿಲ್ಲ, ನಾನು ಮರೆತೆ. ಇದು ಬರಿಯ ಮರೆವಿನ ಮಾತಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗಹಾಕಿದ ದರಪಟ್ಟಿಗಿಂತ ಹೆಚ್ಚು ಹಣ ತೆಗೆದುಕೊಂಡರೆ ಗಿರಾಕಿ ದೂರು ಕೊಡಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿಯೇ ಇದೆ. ಹಲಗೆಯಲ್ಲಿ ಬರೆದುದೇ ದರ, ಯಂತ್ರದಲ್ಲಿ ಇರುವುದಲ್ಲ. ಹಾಗಾಗಿ ಆ ಮನುಷ್ಯ ಹೇಳಿದ ಎರಡನೆಯ ಮಾತು ಅಕ್ಷರಶಃ ನಿಜ.

ಇಡ್ಲಿಯ ವಿಷಯ ಭಟ್ಟರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾಯರೇ, ಭಾನುವಾರ ಸಂಜೆ ಗ್ರೈಂಡರಿನ ಮೋಟಾರು ಸುಟ್ಟಿತ್ತಲ್ಲ" ಎಂದರು. ಸಂಜೆ ಆರಕ್ಕೆ ರುಬ್ಬಬೇಕಾದ ಹಿಟ್ಟು ರಿಪೇರಿಯವನು ಬಂದು ಹೋದ ಮೇಲೆ ರಾತ್ರಿ ಹನ್ನೊಂದಕ್ಕೆ ರುಬ್ಬಿದ್ದು. ಬೆಳಿಗ್ಗೆ ಮೊದಲ ತಟ್ಟೆಗಳು ಹಳೆಯ ಹಿಟ್ಟಿನವು, ಚೆನ್ನಾಗಿದ್ದವು. ಏಳೂವರೆಯ ನಂತರ ಈ ಹೊಸ ಹಿಟ್ಟು ಬಳಸಿದರು. ಮಳೆಗಾಲದ ತಂಪಿನಲ್ಲಿ ಎಂಟೂವರೆ ತಾಸು ಅದಕ್ಕೆ ಸಾಲಲಿಲ್ಲ. ಹಿಟ್ಟು ಹದವಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ತೊಟ್ಟು ನೀರಿಗೆ ಬಿಟ್ಟರೆ ಸಾಕು. ಹುದುಗಿದ ಹಿಟ್ಟು ತೇಲುತ್ತದೆ, ಹುದುಗದ್ದು ಮುಳುಗುತ್ತದೆ. ಭಟ್ಟರು ಬಿಟ್ಟು ನೋಡಿದ್ದರಂತೆ, ಮುಳುಗಿತಂತೆ. "ಮತ್ತೆ ಯಾಕೆ ಬೇಯಿಸಿದಿರಿ?" ಎಂದೆ. "ಎಂಟೂವರೆಯ ಗದ್ದಲದಲ್ಲಿ ಇಡ್ಲಿ ಇಲ್ಲ ಎಂದರೆ ನೀವು ಒಪ್ಪುತ್ತಿದ್ದಿರಾ?" ಎಂದು ಅವರು ನನ್ನನ್ನೇ ಕೇಳಿದರು. ಒಪ್ಪುತ್ತಿರಲಿಲ್ಲ.

ಇನ್ನು ಕನ್ನಡಕದ ಹುಡುಗ. ಕುಂದಾಪುರದ ಕಡೆಯವನು, ಬಂದು ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಕೆಲಸಕ್ಕೆ ನಿಂತರೆ ಮಧ್ಯಾಹ್ನದವರೆಗೆ ಕೂರುವಂತಿಲ್ಲ; ಸಂಜೆ ಕಾಲೇಜಿಗೆ ಹೋಗುತ್ತಿದ್ದ. ಹಿಂದೆ ನಮ್ಮ ಹಿರಿಯರು ಕೋಟೆಯ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆಗೆ ಹೋದರಲ್ಲ, ಅದೇ ಜಾತಿಯ ಹುಡುಗ. ಅಳಿಯ ಆಗಲೇ ಅವನ ಲೆಕ್ಕ ತೀರಿಸಿ ಕಳಿಸುವ ಮಾತನಾಡಿದ್ದ. "ತೆಗೆದು ಹಾಕಿದ್ದೇವೆಂದು ಕೆಳಗೆ ಬರೆದರೆ ಜನ ಮೆಚ್ಚುತ್ತಾರೆ, ಮಾವ" ಎಂದ.

ಹುಡುಗನನ್ನು ಕರೆದು ಬೇರೆ ಯಾರೂ ಇಲ್ಲದ ಕಡೆ ಕೇಳಿದೆ. ಮೊದಲು ಏನೂ ಹೇಳಲಿಲ್ಲ. ಮತ್ತೆ, "ಹೇಳಿದ್ದು ಹೌದು ಸೇಟ್ರೇ. ಅವರು ಬೋರ್ಡು ತೋರಿಸಿ ಕೇಳಿದರು. ಇದೇ ಮಾತು ಬೇರೆ ಗಿರಾಕಿ ಆ ವಾರ ಮೂರು ಸಲ ಕೇಳಿದ್ದರು. ನಾನು ಗಲ್ಲೆಯಲ್ಲಿ ಹೇಳಿದೆ. ಸುಮ್ಮನೆ ಬಿಲ್ಲು ಕೊಡು ಎಂದರು. ನಾಲ್ಕನೆಯವರು ಕೇಳಿದಾಗ ಬಾಯಿ ತಪ್ಪಿತು. ನಾನೆಂತ ಹೇಳುದು?" ಎಂದ.

ನೋಡಿ, ಅವನ ಬಾಯಲ್ಲಿ ಬಂದುದು ಕೆಟ್ಟ ಮಾತು ನಿಜ. ಆದರೆ ಆ ಮಾತಿನ ಹಿಂದೆ ಇದ್ದುದು ನನ್ನ ಹಲಗೆ. ಮೂರು ಸಲ ಎಚ್ಚರಿಸಿದ ಹುಡುಗನನ್ನು ನಾಲ್ಕನೆಯ ಸಲಕ್ಕೆ ಮನೆಗೆ ಕಳಿಸಿ, ಅದನ್ನೇ ಗಿರಾಕಿಯ ಮುಂದೆ ದೊಡ್ಡಸ್ತಿಕೆಯಿಂದ ಬರೆಯುವುದೇ? ಇಂಥ ಉತ್ತರಗಳನ್ನು ನಾನು ಬೇಕಾದಷ್ಟು ಓದಿದ್ದೇನೆ: "ಸಂಬಂಧಪಟ್ಟ ಕೆಲಸಗಾರನನ್ನು ತೆಗೆದಿದ್ದೇವೆ." ಇಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿ ಆ 'ಸಂಬಂಧಪಟ್ಟ' ಜಾಗದಲ್ಲಿ ಒಮ್ಮೆಯಾದರೂ ನಿಂತವರೇ. ಆ ಉತ್ತರವನ್ನು ಹೊರಗಿನವರು ಓದುವಂತೆ ಒಳಗಿನ ಏಳು ಹುಡುಗರೂ ಓದುತ್ತಾರೆ. ಓದಿದ ಮೇಲೆ ಮೋಟಾರು ಸುಟ್ಟರೂ ಹಿಟ್ಟು ಮುಳುಗಿದರೂ ಯಾರೂ ಬಂದು ನಿಜ ಹೇಳುವುದಿಲ್ಲ.

ಉಳಿದುದು ಕೊಳಕು ಅಡುಗೆಮನೆಯ ಮಾತು. ಇದು ನಿಜವಲ್ಲ. ಅವರು ಕಂಡು ಬರೆದುದೂ ಅಲ್ಲ, ಸಿಟ್ಟಿನಲ್ಲಿ ಊಹಿಸಿದುದು. ಇದೊಂದೇ ನನಗೆ ಹೆಚ್ಚು ಚುಚ್ಚಿದುದು, ಮತ್ತು ಪೆನ್ಸಿಲಿನ ಉತ್ತರದಲ್ಲಿ ಮಾನಹಾನಿಯ ಬೆದರಿಕೆ ಹಾಕಿದುದೂ ಇದಕ್ಕೇ. ಸುಳ್ಳು ಮಾತಿಗೆ ಏನು ಮಾಡಬೇಕು? ಗೂಗಲ್‌ಗೆ ದೂರು ಕೊಡುವ ಒಂದು ಗುಂಡಿ ಇದೆ. ಆದರೆ ಅದು ನಡೆಯುವುದು ಬೈಗುಳ, ಸಂಬಂಧವಿಲ್ಲದ ಬರಹ, ಕಾಸು ಕೊಟ್ಟು ಬರೆಸಿದ ಸುಳ್ಳು, ಇಂಥ ನಿಯಮಭಂಗಕ್ಕೆ ಮಾತ್ರ. ಗಿರಾಕಿ ಒಂದು ಹೇಳಿ ಮಾಲಕ ಇನ್ನೊಂದು ಹೇಳಿದರೆ ಯಾರದು ಸರಿ ಎಂಬ ಪಂಚಾಯಿತಿಗೆ ಅವರು ಬರುವುದಿಲ್ಲ. ಹಾಗಾದರೆ ನಾನೇ ಹೇಳಬೇಕು. "ನೀವು ಸುಳ್ಳು ಹೇಳುತ್ತಿದ್ದೀರಿ" ಎಂದರೆ ಜಗಳ ನಡೆಯುತ್ತದೆ, ಅಡುಗೆಮನೆ ಮಾತ್ರ ಯಾರಿಗೂ ಕಾಣುವುದಿಲ್ಲ. ಬಾಗಿಲು ತೆರೆದರೆ ಕಾಣುತ್ತದೆ. ಹಾಗೆಯೇ ಬರೆಯುವುದೆಂದು ನಿಶ್ಚಯಿಸಿದೆ.

ಮಂಗಳವಾರ ಸಂಜೆ ಕುಳಿತು ಎರಡನೆಯ ಉತ್ತರ ಬರೆದೆ. ಅವರು ಮರಾಠಿಯಲ್ಲಿ ಬರೆದುದರಿಂದ ಉತ್ತರವೂ ಮರಾಠಿಯಲ್ಲೇ ಇರಬೇಕೆಂದು, ನೆರೆಮನೆಯ ಮರಾಠಿ ಶಿಕ್ಷಕಿಯೊಬ್ಬರಿಂದ ತಿದ್ದಿಸಿಕೊಂಡೆ. ನನ್ನ ಮರಾಠಿ ತರಕಾರಿ ಮಾರುಕಟ್ಟೆಯ ಮರಾಠಿ, ಅದರಲ್ಲಿ ಕ್ಷಮೆ ಕೇಳುವ ಶಬ್ದಗಳು ಕಡಿಮೆ. ಕನ್ನಡದಲ್ಲಿ ಅದು ಹೀಗಿದೆ:

"ನಮಸ್ಕಾರ. ನಾನು ಹೋಟೆಲಿನ ಮಾಲಕ. ನೀವು ಬರೆದುದನ್ನು ಓದಿ ವಿಚಾರಿಸಿದೆ. ಹಲಗೆಯಲ್ಲಿ 45, ಬಿಲ್ಲಿನಲ್ಲಿ 50 ಇದ್ದುದು ನಿಜ. ದರ ಏರಿಸಿದ ನಾನು ಹಲಗೆ ಬದಲಿಸಿರಲಿಲ್ಲ, ತಪ್ಪು ನನ್ನದು. ಇಂದಿನಿಂದ ಈ ತಿಂಗಳ ಕೊನೆಯವರೆಗೆ ಎಲ್ಲರಿಂದಲೂ 45ನ್ನೇ ತೆಗೆದುಕೊಳ್ಳುತ್ತೇವೆ. ನಿಮ್ಮ 5 ರೂಪಾಯಿ ಗಲ್ಲೆಯಲ್ಲಿದೆ, ಬಿಲ್ಲು ಇಲ್ಲದಿದ್ದರೂ ಕೊಡುತ್ತೇವೆ. ಅಂದು ಹಿಟ್ಟು ಸರಿಯಾಗಿ ಹುದುಗಿರಲಿಲ್ಲ, ಇಡ್ಲಿ ಗಟ್ಟಿಯಾಗಿತ್ತು, ಬಡಿಸಬಾರದಿತ್ತು. ನಿಮ್ಮೊಂದಿಗೆ ಆಡಿದ ಮಾತಿಗೆ ಕ್ಷಮೆ ಕೇಳುತ್ತೇನೆ. ದರದ ಬಗ್ಗೆ ಏನು ಹೇಳಬೇಕೆಂದು ಹುಡುಗನಿಗೆ ನಾನು ತಿಳಿಸಿರಲಿಲ್ಲ. ನಮ್ಮ ಅಡುಗೆಮನೆಯನ್ನು ಯಾವ ದಿನವಾದರೂ ಮಧ್ಯಾಹ್ನ 3ರಿಂದ 4ರವರೆಗೆ ಯಾರು ಬೇಕಾದರೂ ಬಂದು ನೋಡಬಹುದು."

ಇಷ್ಟೇ. ಇದರಲ್ಲಿ ಬಿಟ್ಟುಬಿಟ್ಟ ಸಂಗತಿಗಳೂ ಇವೆ. ಮೋಟಾರು ಸುಟ್ಟ ಕಥೆ ಬರೆಯಲಿಲ್ಲ. ಮೊದಲು ಬರೆದಿದ್ದೆ, ಶಿಕ್ಷಕಿಯವರು ಹೊಡೆದುಹಾಕಿದರು. "ನಿಮ್ಮ ಮೋಟಾರಿನಿಂದ ಅವರಿಗೇನು? ಅವರು ತಿಂದದ್ದು ಇಡ್ಲಿ" ಎಂದರು. ಆ ಗಿರಾಕಿ ಎಷ್ಟು ಹೊತ್ತಿಗೆ ಬಂದರು, ಏನು ತಿಂದರು ಎಂದು ನನಗೆ ಗೊತ್ತಾಗಿತ್ತು, ಅದನ್ನೂ ಬರೆಯಲಿಲ್ಲ. ಆ ಹೊತ್ತಿಗೆ ಕಚೇರಿಯಲ್ಲಿರಬೇಕಾದ ಮನುಷ್ಯನೋ ಏನೋ! ಗಿರಾಕಿಯ ಗುಟ್ಟು ಬೀದಿಗೆ ತರಬಾರದು. ನನಗೆ ಪರಿಚಯದ ದರ್ಜಿಯೊಬ್ಬರು ಇದರಲ್ಲೇ ಕೆಟ್ಟರು. ರವಿಕೆ ಬಿಗಿಯಾಯಿತೆಂದು ಒಬ್ಬ ತಾಯಿ ಬರೆದರೆ, "ಅಳತೆ ಕೊಟ್ಟ ಮೇಲೆ ನೀವು ದಪ್ಪಗಾದಿರಿ" ಎಂದು ಎಲ್ಲರೂ ಓದುವಂತೆ ಉತ್ತರ ಬರೆದರು. ಅಳತೆ ಪುಸ್ತಕದ ಪ್ರಕಾರ ಅವರು ಹೇಳಿದುದು ನಿಜವೇ ಇದ್ದೀತು. ಆ ಬೀದಿಯ ಹೆಂಗಸರು ಆಮೇಲೆ ಅವರಲ್ಲಿ ಹೊಲಿಸಲಿಲ್ಲ.

ನಕ್ಷತ್ರ ಹೆಚ್ಚಿಸಿ ಎಂದೂ ಕೇಳಲಿಲ್ಲ. ಐದು ರೂಪಾಯಿಯ ಪಕ್ಕದಲ್ಲಿ ಆ ಕೋರಿಕೆ ಇಟ್ಟಿದ್ದರೆ ಅದು ಮರಳಿ ಕೊಡುವುದಾಗುತ್ತಿರಲಿಲ್ಲ, ಕೊಳ್ಳುವುದಾಗುತ್ತಿತ್ತು. ಕೆಲವರು "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಒಂದೇ ವಾಕ್ಯವನ್ನು ಹೊಗಳಿದವರಿಗೂ ತೆಗಳಿದವರಿಗೂ ಅಂಟಿಸುತ್ತ ಹೋಗುತ್ತಾರೆ. ನಮ್ಮ ಗುಮಾಸ್ತ ಮಿತ್ರರಿಗೆ ಸಂಶಯ ಬಂದುದು ಅಂಥದನ್ನು ಓದಿಯೇ ಇರಬೇಕು. ಅದರಲ್ಲಿ ಇಡ್ಲಿ ಎಂಬ ಶಬ್ದವೇ ಇರುವುದಿಲ್ಲ.

ತಿಂಗಳ ಕೊನೆಯವರೆಗೆ 45 ಎಂಬ ಮಾತಿಗೆ ಅಳಿಯ ಬಹಳ ವಿರೋಧಿಸಿದ. ಆದರೆ ಯಂತ್ರ ಲೆಕ್ಕ ಕೊಟ್ಟಿತ್ತು: ತಿಂಗಳ ಮೊದಲಿನಿಂದ ಆ ಸೋಮವಾರದವರೆಗೆ ಸುಮಾರು 840 ಪ್ಲೇಟು ಇಡ್ಲಿ ಹೋಗಿತ್ತು. ಪ್ಲೇಟಿಗೆ ಐದರಂತೆ 4,200 ರೂಪಾಯಿ. ಬರೆದವರು ಒಬ್ಬರು, ಕೇಳಿದವರು ನಾಲ್ವರು. ಉಳಿದವರು ಸುಮ್ಮನೆ ಕೊಟ್ಟು ಹೋದರು. ಅವರ ಹೆಸರು ವಿಳಾಸ ನನ್ನಲ್ಲಿಲ್ಲ. ಅವರಲ್ಲಿ ಹೆಚ್ಚಿನವರು ದಿನವೂ ಬರುವವರು, ಹಾಗಾಗಿ ಇಳಿಸಿದ ದರದಲ್ಲಿ ಸುಮಾರಾಗಿ ಅವರಿಗೇ ಮರಳಿತೆಂದು ನನ್ನ ಸಮಾಧಾನ. ಪೂರ್ತಿ ನ್ಯಾಯವಲ್ಲ.

ಉತ್ತರ ಪ್ರಕಟವಾದರೆ ದೂರು ಬರೆದವರಿಗೆ ಸೂಚನೆ ಹೋಗುತ್ತದೆ. ಅವರಿಗೆ ಮನಸ್ಸಿದ್ದರೆ ತಾವು ಬರೆದುದನ್ನು ತಿದ್ದಬಹುದು. ನಮ್ಮವರು ತಿದ್ದಲಿಲ್ಲ. ಐದು ರೂಪಾಯಿ ಕೇಳಲೂ ಬರಲಿಲ್ಲ. ಒಂದು ಲಕೋಟೆಯಲ್ಲಿ ಹಾಕಿ ಗಲ್ಲೆಯಲ್ಲಿಟ್ಟಿದ್ದೇನೆ, ಇನ್ನೂ ಇದೆ. ಆ ಒಂದು ನಕ್ಷತ್ರವೂ ಅಲ್ಲೇ ಇದೆ, ನೀವು ಈಗ ತೆಗೆದು ನೋಡಬಹುದು.

ಹೀಗೆಂದು ಎಲ್ಲ ದೂರಿಗೂ ಇದೇ ಔಷಧವಲ್ಲ. ಕಳೆದ ವರ್ಷ ಒಬ್ಬರು ನಮ್ಮಲ್ಲಿ ಕೋಳಿ ಬಿರಿಯಾನಿ ತಣ್ಣಗಿತ್ತೆಂದು ಬರೆದರು. ನಮ್ಮದು ಶಾಕಾಹಾರಿ ಹೋಟೆಲು. ಮುಂಬಯಿಯಲ್ಲಿ ಒಂದೇ ಹೆಸರಿನ ಹತ್ತಾರು ಹೋಟೆಲುಗಳಿವೆ, ದೇವರ ಹೆಸರುಗಳಿಗೇ ಬರಗಾಲ. ಅಲ್ಲಿ ಕ್ಷಮೆ ಕೇಳಿದರೆ ಅದೂ ಸುಳ್ಳೇ. "ನಮ್ಮಲ್ಲಿ ಮಾಂಸಾಹಾರ ಮಾಡುವುದಿಲ್ಲ, ತಾವು ಅದೇ ಹೆಸರಿನ ಬೇರೆ ಹೋಟೆಲಿಗೆ ಹೋಗಿರಬಹುದು, ನಮ್ಮ ಲೈಸೆನ್ಸ್ ಸಂಖ್ಯೆ ಬಿಲ್ಲಿನ ಮೇಲಿರುತ್ತದೆ, ಹೋಲಿಸಿ ನೋಡಿ" ಎಂದು ಬರೆದೆ. 2022ರ ಜನವರಿಯಿಂದ ಆಹಾರ ಸುರಕ್ಷಾ ಪ್ರಾಧಿಕಾರದ ಸಂಖ್ಯೆಯನ್ನು ಬಿಲ್ಲಿನ ಮೇಲೆ ಹಾಕಲೇಬೇಕೆಂಬ ನಿಯಮವಿರುವುದರಿಂದ ಇದು ಸುಲಭ. ಎರಡೇ ದಿನದಲ್ಲಿ ಆ ಬರಹ ಮಾಯವಾಯಿತು.

ನನ್ನ ಇಡ್ಲಿಯ ಉತ್ತರ ಬರೆದು ಹನ್ನೊಂದನೆಯ ದಿನ, ಮಧ್ಯಾಹ್ನ ಮೂರೂವರೆಗೆ ಒಬ್ಬ ವಯಸ್ಸಾದ ಗುಜರಾತಿ ಹೆಂಗಸು ಮೊಮ್ಮಗಳ ಕೈ ಹಿಡಿದು ಬಂದರು. ತಿಂಡಿ ಕೇಳಲಿಲ್ಲ. "ಅಡುಗೆಮನೆ ನೋಡಬಹುದೆಂದು ಬರೆದಿದ್ದೀರಲ್ಲ, ನಿಜವೋ?" ಎಂದು ಹಿಂದಿಯಲ್ಲಿ ಕೇಳಿದರು. ಭಟ್ಟರು ಗಾಬರಿಯಾಗಿ ಅಂಗಿ ಹುಡುಕತೊಡಗಿದರು. ಒಳಗೆ ಕರೆದುಕೊಂಡು ಹೋಗಿ ತೋರಿಸಿದವನು ಕನ್ನಡಕದ ಹುಡುಗ. ಆಕೆ ಪಾತ್ರೆಗಳ ತಳ ನೋಡಿದರು, ನೀರಿನ ಟಾಂಕಿಯ ಮುಚ್ಚಳ ತೆಗೆಸಿ ನೋಡಿದರು, ಹಿಟ್ಟಿನ ಡಬ್ಬಿಯ ಹತ್ತಿರ ನಿಂತಾಗ ಹುಡುಗ ಒಂದು ತೊಟ್ಟು ನೀರಿಗೆ ಬಿಟ್ಟು ಅದು ತೇಲುವುದನ್ನು ಮೊಮ್ಮಗಳಿಗೆ ತೋರಿಸಿದ. ಹೋಗುವಾಗ, ಮೇಲಿನ ಗೂಡಿನಲ್ಲಿ ಜೇಡರ ಬಲೆ ಇದೆ ಎಂದು ಹೇಳಿ ಹೋದರು. ಇತ್ತು. ಅಂದೇ ತೆಗೆಸಿದೆವು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನಗೂ ಸಂಜೆಯ ಹಿಟ್ಟು ರುಬ್ಬಿಸುವ ಹೊತ್ತಾಯಿತು. ಪ್ರಶ್ನೆಗಳಿದ್ದರೆ ಕೇಳಿ, ಇನ್ನೂ ಹತ್ತು ನಿಮಿಷ ಇರುತ್ತೇನೆ.